40 ಗಂಟೆ ಧ್ವನಿಯಲ್ಲೇ ಮಾರುಕಟ್ಟೆಯ ಕರೆಗಳನ್ನು ಗೆದ್ದದ್ದು: ನನ್ನ ಅನುಭವ

ಮಾರುಕಟ್ಟೆ ದರ ಕೇಳುವ ರೈತರ ಕರೆಗಳನ್ನು ಅಕ್ಷರಕ್ಕಿಳಿಸುವ ಮಾದರಿಗೆ ನನ್ನ ಬಳಿ ಇದ್ದದ್ದು ಸುಮಾರು 40 ಗಂಟೆಯ ಧ್ವನಿ. ಅದೂ ಮುಚ್ಚಿದ ಕೋಣೆಯಲ್ಲಿ ಓದಿಸಿದ್ದು. ನಿಜವಾದ ಕರೆಗಳಲ್ಲಿ ನೂರು ಪದಕ್ಕೆ 45ರ ಆಸುಪಾಸು ತಪ್ಪು ಬರುತ್ತಿತ್ತು. 'ಗದ್ದಲ ಬೆರೆಸಿದರೆ ಅದು ಗದ್ದಲವನ್ನೇ ಕಲಿಯುತ್ತದೆ, ಹೊಸ ಧ್ವನಿ ಕೊಳ್ಳಿ' ಎಂದರು ಜೊತೆಗಾರರು. ಹೊಸದನ್ನು ಕೇಳಿ ಬರೆದುಕೊಡಲು ಗಂಟೆಗೆ ಮೂರು ಸಾವಿರಕ್ಕಿಂತ ಕಡಿಮೆಗೆ ಯಾರೂ ಒಪ್ಪಲಿಲ್ಲ. ಹಾಗಾಗಿ ಇದ್ದ ಧ್ವನಿಯನ್ನೇ ವೇಗ ಬದಲಿಸಿ, ಕೋಣೆಯ ಪ್ರತಿಧ್ವನಿ ಮತ್ತು ಗದ್ದಲ ಬೆರೆಸಿ ತರಬೇತಿಗೆ ಬಳಸಿದೆ. ಈಗ ತಪ್ಪು 28ಕ್ಕೆ ಇಳಿದಿದೆ. ಜಿಪಿಯು ಬಾಡಿಗೆ ಸೇರಿ ಖರ್ಚಾದದ್ದು ಇಪ್ಪತ್ತು ಸಾವಿರದೊಳಗೆ.

ವೇಗದ ಬದಲಾವಣೆ ಸುಲಭದ ಭಾಗ.

```
sox a.wav a09.wav speed 0.9
sox a.wav a11.wav speed 1.1
```

ದುರಾಸೆಯಿಂದ 0.8 ಕೂಡ ಸೇರಿಸಿ ನೋಡಿದೆ. 'ಬೇಳೆ' ಎಂದದ್ದೆಲ್ಲ 'ಬೆಳೆ' ಆಗತೊಡಗಿತು. ದರ ಕೇಳುವವರ ಬಾಯಲ್ಲಿ ಎರಡೂ ಬರುವುದರಿಂದ ಭಾಷಾ ಮಾದರಿಯೂ ಕೈಹಿಡಿಯಲಿಲ್ಲ. 0.8ನ್ನು ಕೈಬಿಟ್ಟೆ.

ಹೆಚ್ಚು ಕಾಡಿದ್ದು ಕೋಣೆಯ ಪ್ರತಿಧ್ವನಿ. ಅದನ್ನು ಬೆರೆಸಿ ತರಬೇತಿ ಕೊಟ್ಟ ಮಾದರಿ ವಾಕ್ಯದ ಕೊನೆಯ 'ಎಷ್ಟು', 'ಹೇಳಿ'ಗಳನ್ನು ನುಂಗುತ್ತಿತ್ತು. ಅಲೆಯನ್ನು ಹಿಗ್ಗಿಸಿ ನೋಡಿದಾಗ ಕಾರಣ ಸಿಕ್ಕಿತು. ಕೋಣೆ ಸದ್ದನ್ನು ಹೇಗೆ ಮಾರ್ದನಿಸುತ್ತದೆ ಎಂಬುದನ್ನು ಹಿಡಿದಿಡುವ ಇಂಪಲ್ಸ್ ಕಡತದ ಆರಂಭದಲ್ಲಿ ಒಂದಿಷ್ಟು ಮೌನವಿರುತ್ತದೆ. ಬೆರೆಸಿದಾಗ ಮಾತೆಲ್ಲ ಅಷ್ಟು ತಡವಾಗಿ ಆರಂಭವಾಗುತ್ತದೆ. ಫಲಿತಾಂಶವನ್ನು ಮೂಲದ ಉದ್ದಕ್ಕೆ ಕತ್ತರಿಸಿದರೆ ಬಾಲ ಹೋಗುತ್ತದೆ, ಬರಹದಲ್ಲಿ ಮಾತ್ರ ಪದ ಉಳಿದಿರುತ್ತದೆ. ಇಂಪಲ್ಸನ್ನು ಅದರ ಅತಿ ಎತ್ತರದ ಬಿಂದುವಿನಿಂದ ಆರಂಭಿಸಿದ ಮೇಲೆ ಆ ಕಾಟ ನಿಂತಿತು. ನಡುವೆ ತಗಡಿನ ಗೋದಾಮಿನಲ್ಲಿ ಬಲೂನು ಒಡೆದು ನನ್ನದೇ ಇಂಪಲ್ಸ್ ಮಾಡಿಕೊಂಡೆ. ಹಮಾಲರು ನಕ್ಕರು, ಆದರೆ ಡೌನ್‌ಲೋಡ್ ಮಾಡಿಕೊಂಡ ದೊಡ್ಡ ಸಭಾಂಗಣಗಳಿಗಿಂತ ಅದೇ ಹೆಚ್ಚು ಕೆಲಸಕ್ಕೆ ಬಂತು.

ಗದ್ದಲಕ್ಕೆ MUSAN ಎಂಬ ಉಚಿತ ಸದ್ದಿನ ಸಂಗ್ರಹದ ಜೊತೆ ಹರಾಜುಕಟ್ಟೆಯಲ್ಲೇ ಮುದ್ರಿಸಿದ ಎರಡು ಮೂರು ಗಂಟೆ ಸಾಕಾಯಿತು. ಮಾತು ಗದ್ದಲಕ್ಕಿಂತ 5ರಿಂದ 20 ಡೆಸಿಬೆಲ್ ಮೇಲಿರಲಿ. ಆದರೆ ಮಾತಿನ ಶಕ್ತಿಯನ್ನು ಇಡೀ ಕಡತದ ಮೇಲೆ ಅಳೆಯಬೇಡಿ. ನಮ್ಮ ಮುದ್ರಣಗಳಲ್ಲಿ ಅರ್ಧದಷ್ಟು ಮೌನವಿತ್ತು. ಸರಾಸರಿ ತಗ್ಗಿದ್ದರಿಂದ ಲೆಕ್ಕಕ್ಕೆ 10 ಎಂದದ್ದು ಕಿವಿಗೆ 13ರಂತಿತ್ತು. ಮಾತಿರುವ ತುಣುಕುಗಳನ್ನಷ್ಟೇ ಅಳೆಯಿರಿ.

ಕ್ರಮವೂ ಮುಖ್ಯ: ಮೊದಲು ವೇಗ, ಆಮೇಲೆ ಕೋಣೆ, ನಂತರ ಗದ್ದಲ, ಕೊನೆಗೆ 8 ಕಿಲೋಹರ್ಟ್ಸ್ ಮತ್ತು ಫೋನಿನ ಕೋಡೆಕ್. ರೈತನ ಪಕ್ಕದ ಟ್ರ್ಯಾಕ್ಟರಿನ ಸದ್ದೂ ಅದೇ ಫೋನಿನಿಂದ ಹಾದು ಬರುತ್ತದೆಯಲ್ಲ! ಎಷ್ಟು ಪಾಲನ್ನು ಶುದ್ಧವಾಗಿಯೇ ಉಳಿಸಿದೆ, ತರಬೇತಿಯ ಯಾವ ಹಂತದಲ್ಲಿ ಗದ್ದಲ ಏರಿಸಿದೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎಲ್ಲವನ್ನೂ ತರಬೇತಿಯ ಹೊತ್ತಿನಲ್ಲೇ ಬೆರೆಸಹೋದಾಗ ಸಿಪಿಯು ಹಿಂದೆ ಬಿದ್ದು, ಬಾಡಿಗೆಯ ಜಿಪಿಯು ಅರ್ಧ ಹೊತ್ತು ಸುಮ್ಮನೆ ಕುಳಿತಿತ್ತು. ನಾಲ್ಕೈದು ಸಾವಿರ ಹಾಗೆಯೇ ಹೋಯಿತು. ಈಗ ವೇಗದ ಪ್ರತಿಗಳನ್ನು ಮೊದಲೇ ಡಿಸ್ಕಿಗೆ ಬರೆದಿಡುತ್ತೇನೆ. ಕೋಣೆ, ಗದ್ದಲ ಮತ್ತು ಕೋಡೆಕ್ ಮಾತ್ರ ಓಡುವಾಗ ಸೇರುತ್ತವೆ. ಪರೀಕ್ಷೆಗೆ ಎತ್ತಿಟ್ಟ ದನಿಯ ವೇಗದ ಪ್ರತಿ ತರಬೇತಿಗೆ ನುಸುಳದಂತೆ, ಪ್ರತಿ ಮಾಡುವ ಮುನ್ನವೇ ಭಾಗ ಮಾಡಿ.

ಪಕ್ಕದಲ್ಲಿ ಇನ್ನೊಬ್ಬರು ಮಾತಾಡುವ ಕರೆಗಳು ಮಾತ್ರ ಇನ್ನೂ ಬಗ್ಗಿಲ್ಲ. ಕನ್ನಡದ ಮಾತನ್ನೇ ಗದ್ದಲವಾಗಿ ಬೆರೆಸಿದಾಗ, 15 ಡೆಸಿಬೆಲ್ ಕೆಳಗಿದ್ದರೂ ಮಾದರಿ ಪಕ್ಕದವರ ಮಾತನ್ನೂ ಬರೆಯುತ್ತಿತ್ತು.