ಬಾಡಿಗೆ ರಸೀದಿ: ಸಹಿ ಯಾರದು, ಪ್ಯಾನ್ ಯಾರದು?

ಹುಬ್ಬಳ್ಳಿಯ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ನನ್ನ ಮೇಜಿನ ಮೇಲೆ ಪ್ರತಿ ಜನವರಿಯಲ್ಲಿ ಬಾಡಿಗೆ ರಸೀದಿಗಳ ಕಟ್ಟುಗಳು ಬಂದು ಬೀಳುತ್ತವೆ. ನಾನು ತಿರುಗಿ ಕಳಿಸುವ ರಸೀದಿಗಳಲ್ಲಿ ಹೆಚ್ಚಿನವು ಸುಳ್ಳಿನವಲ್ಲ. ತಪ್ಪದೆ ಬಾಡಿಗೆ ಕಟ್ಟಿದವರೇ ಹೆಸರು, ತಿಂಗಳು, ಮೊತ್ತಗಳನ್ನು ತಾಳೆ ನೋಡದೆ ತಂದಿರುತ್ತಾರೆ.

ಮೊದಲಿಗೆ ಒಂದು ಮಾತು. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿ ಆರಿಸಿಕೊಂಡವರು ರಸೀದಿ ಕೂಡಿಸುವ ಅಗತ್ಯವಿಲ್ಲ. ಉಳಿದವರು ಕರಾರು ಪತ್ರ, ಬ್ಯಾಂಕಿನ ಪಾಸ್‌ಬುಕ್, ರಸೀದಿಗಳು ಈ ಮೂರನ್ನೂ ಒಟ್ಟಿಗೆ ಹರಡಿಕೊಂಡು ಕುಳಿತುಕೊಳ್ಳಿ. ರಸೀದಿಯನ್ನಷ್ಟೇ ನೋಡಿದರೆ ಅದು ಯಾವಾಗಲೂ ಸರಿಯಾಗಿಯೇ ಕಾಣುತ್ತದೆ.

ಹೆಚ್ಚು ಎಡವುವುದು ಮಾಲೀಕರ ವಿವರದಲ್ಲಿ. ಸಹೋದ್ಯೋಗಿಯೊಬ್ಬರು ವಿದ್ಯಾನಗರದಲ್ಲಿ ಬಾಡಿಗೆಗಿದ್ದರು. ಹಾವೇರಿಯ ಸ್ವಂತ ಮನೆಯ ಸಾಲ ಇದ್ದುದರಿಂದ ಹಳೆಯ ಪದ್ಧತಿಯಲ್ಲೇ ಉಳಿದಿದ್ದರು. ಕರಾರು ಮನೆಯೊಡತಿಯ ಹೆಸರಿನಲ್ಲಿತ್ತು. ಆದರೆ ಬಾಡಿಗೆ ಹೋಗುತ್ತಿದ್ದುದು ಅವರ ಮಗನ ಮೊಬೈಲ್ ಸಂಖ್ಯೆಗೆ, ರಸೀದಿಗೆ ಸಹಿ ಮಗನದು, ಕೊಟ್ಟ ಪ್ಯಾನ್ ಕೂಡ ಮಗನದೇ. ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ದಾಟಿದರೆ ಮಾಲೀಕರ ಪ್ಯಾನ್ ಕೊಡಲೇಬೇಕು, ಅದು ಕಚೇರಿಯ ತೆರಿಗೆ ಕಡಿತದ ವಿವರಪಟ್ಟಿಯ ಮೂಲಕ ಇಲಾಖೆಗೆ ತಲುಪುತ್ತದೆ. ಮನೆ ತಾಯಿಯದು, ಆದಾಯ ಮಗನ ಲೆಕ್ಕಕ್ಕೆ ಎಂದಾದರೆ ನಾಳೆ ಇಬ್ಬರಿಗೂ ತೊಂದರೆ.

ಪ್ಯಾನ್ ಓದುವ ಕ್ರಮ ಹೀಗಿದೆ. ಹತ್ತು ಸ್ಥಾನಗಳಲ್ಲಿ ಮೊದಲ ಐದು ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ನಾಲ್ಕನೆಯ ಅಕ್ಷರ 'ಪಿ' ಆಗಿದ್ದರೆ ಅದು ವ್ಯಕ್ತಿಯ ಪ್ಯಾನ್, 'ಎಚ್' ಆಗಿದ್ದರೆ ಅವಿಭಕ್ತ ಕುಟುಂಬದ್ದು. ವ್ಯಕ್ತಿಯ ಪ್ಯಾನ್‌ನಲ್ಲಿ ಐದನೆಯದು ಅಡ್ಡಹೆಸರಿನ ಮೊದಲ ಇಂಗ್ಲಿಷ್ ಅಕ್ಷರ: ಪಾಟೀಲರಿಗೆ 'ಪಿ', ಹಿರೇಮಠರಿಗೆ 'ಎಚ್'. ಸಂಖ್ಯೆ ತಪ್ಪಾಗಿ ಬರೆದುಕೊಂಡಿದ್ದರೆ ಎಷ್ಟೋ ಸಲ ಇಲ್ಲೇ ತಿಳಿಯುತ್ತದೆ. ಆದರೆ ತಾಯಿ ಮಗನಿಗೆ ಒಂದೇ ಅಡ್ಡಹೆಸರು ಇರುವುದರಿಂದ ಮೇಲಿನ ಪ್ರಕರಣದಲ್ಲಿ ಐದನೆಯ ಅಕ್ಷರ ಸರಿಯಾಗಿಯೇ ಇತ್ತು. ಕೆಲವು ಮಹಿಳೆಯರ ಪ್ಯಾನ್ ತವರಿನ ಅಡ್ಡಹೆಸರಿನಲ್ಲೇ ಇರುವುದರಿಂದ, ಸರಿಯಾದ ಪ್ಯಾನ್ ಕೂಡ ತಪ್ಪಾಗಿ ಕಾಣಬಹುದು. ಹಾಗಾಗಿ ಸಂಖ್ಯೆಯನ್ನು ಬಾಯಿಂದ ಕೇಳಿ ಬರೆದುಕೊಳ್ಳಬೇಡಿ. ಕಾರ್ಡಿನ ಪ್ರತಿ ಪಡೆದು, ಅದರ ಮೇಲಿನ ಹೆಸರನ್ನು ಕರಾರಿನ ಹೆಸರಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಸಹೋದ್ಯೋಗಿಗೆ ನಾನು ಹೇಳಿದ್ದು ಇಷ್ಟು: ತಾಯಿಯ ಪ್ಯಾನ್ ತನ್ನಿ, ರಸೀದಿಗೆ ಅವರ ಸಹಿ ಹಾಕಿಸಿ, 'ನನ್ನ ಪರವಾಗಿ ಮಗ ಬಾಡಿಗೆ ಪಡೆಯುತ್ತಿದ್ದಾನೆ' ಎಂದು ಅವರಿಂದ ಪತ್ರ ಬರೆಸಿಕೊಳ್ಳಿ, ಮುಂದಿನ ತಿಂಗಳಿಂದ ಅವರ ಖಾತೆಗೇ ಹಣ ಹಾಕಿ.

ಮೊತ್ತದಲ್ಲಿಯೂ ಆ ಸಹೋದ್ಯೋಗಿ ತಪ್ಪಿದ್ದರು. ಹನ್ನೊಂದು ತಿಂಗಳ ಕರಾರು 2023ರ ನವೆಂಬರ್ 1ರಿಂದ 2024ರ ಸೆಪ್ಟೆಂಬರ್ 30ರವರೆಗೆ, ಬಾಡಿಗೆ 15,000 ರೂಪಾಯಿ. ಅಕ್ಟೋಬರ್‌ನಿಂದ ಶೇ 10 ಏರಿ 16,500. ಅವರು ಅಂತರ್ಜಾಲದ ತಾಣವೊಂದರಲ್ಲಿ ಹನ್ನೆರಡು ರಸೀದಿಗಳನ್ನೂ 16,500ಕ್ಕೆ ಮುದ್ರಿಸಿ ತಂದರು. ಆ ತಾಣಗಳನ್ನು ಬಳಸಲೇಬೇಡಿ ಎನ್ನುತ್ತೇನೆ, ಒಂದೇ ಮೊತ್ತ ಎಲ್ಲ ತಿಂಗಳಿಗೂ ತಾನಾಗಿ ತುಂಬಿಕೊಳ್ಳುತ್ತದೆ. ಅಂಗಡಿಯ ರಸೀದಿ ಪುಸ್ತಕವೇ ಮೇಲು, ಅದರಲ್ಲಿ ಅರ್ಧ ಚೀಟಿ ಮಾಲೀಕರ ಬಳಿಯೂ ಉಳಿಯುತ್ತದೆ.

ವಿನಾಯಿತಿ ಎಂದರೆ ಮೂರು ಮೊತ್ತಗಳಲ್ಲಿ ಅತಿ ಕಡಿಮೆಯದು: ಪಡೆದ ಭತ್ಯೆ, ಬಾಡಿಗೆಯಲ್ಲಿ ವೇತನದ ಶೇ 10 ಕಳೆದು ಉಳಿದದ್ದು, ನಮ್ಮ ಹುಬ್ಬಳ್ಳಿ-ಧಾರವಾಡದಂಥ ಊರಿಗೆ ವೇತನದ ಶೇ 40. ಇಲ್ಲಿ ವೇತನವೆಂದರೆ ಮೂಲ ವೇತನ ಮತ್ತು ನಿವೃತ್ತಿ ಸೌಲಭ್ಯಕ್ಕೆ ಸೇರುವ ತುಟ್ಟಿಭತ್ಯೆ. ಅವರ ವೇತನ ತಿಂಗಳಿಗೆ 70,000, ಭತ್ಯೆ 14,000. ಬಾಡಿಗೆಯಲ್ಲಿ 7,000 ಕಳೆದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳು 8,000, ನಂತರದ ಆರು ತಿಂಗಳು 9,500, ಒಟ್ಟು 1,05,000. ಅವರ ರಸೀದಿಗಳ ಪ್ರಕಾರ 1,14,000 ಆಗುತ್ತಿತ್ತು. ಪಾಸ್‌ಬುಕ್ಕಿನಲ್ಲಿ ಸೆಪ್ಟೆಂಬರ್‌ವರೆಗೆ 15,000 ಎಂದೇ ಇರುವಾಗ ಹೆಚ್ಚುವರಿ 9,000ಕ್ಕೆ ಯಾವ ಆಧಾರವೂ ಇಲ್ಲ. ನೀರು, ವಿದ್ಯುತ್ತಿನ ಹಣ ಮತ್ತು ಮುಂಗಡವನ್ನು ಬಾಡಿಗೆಯೊಳಗೆ ಸೇರಿಸಬೇಡಿ.

ದಿನಾಂಕ ಹಣ ಕೊಟ್ಟ ದಿನದ್ದಾಗಿರಲಿ, ಯಾವ ತಿಂಗಳ ಬಾಡಿಗೆ ಎಂಬುದನ್ನು ಬೇರೆಯಾಗಿ ಬರೆಸಿ. ನಗದಾಗಿ 5,000 ರೂಪಾಯಿ ಮೀರಿ ಕೊಟ್ಟಿದ್ದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ, ಸಹಿ ಅದರ ಮೇಲೆ ಹಾದುಹೋಗಲಿ. ಫೆಬ್ರುವರಿಯಲ್ಲಿ ಕೊಡುವ ಕಟ್ಟಿನಲ್ಲಿ ಮಾರ್ಚ್ 5ರ ರಸೀದಿ ಇದ್ದರೆ ಅದನ್ನು ನಾನು ತೆಗೆದು ವಾಪಸು ಕೊಡುತ್ತೇನೆ. ಮಾರ್ಚ್ ಬಾಡಿಗೆ ಕಟ್ಟಿದ ಮೇಲೆ ಆ ಒಂದು ರಸೀದಿಯನ್ನು ಬೇರೆಯಾಗಿ ತಂದುಕೊಡಿ.