ಆಸ್ಟನ್‌ನಿಂದ ಹೆಸರು, ಮುಖದಿಂದ ಹುಡುಕಾಟ

ನ್ಯೂಸ್ ಚಾನೆಲ್‌ನ ಹಳೇ ಟೇಪುಗಳನ್ನು ಡಿಜಿಟಲ್ ಮಾಡಿದ ಮೇಲೂ ಬೇಕಾದ ಬೈಟ್, ಅಂದರೆ ಯಾರಾದರೂ ಮಾತಾಡಿದ ತುಣುಕು, ಸಿಗುತ್ತಿರಲಿಲ್ಲ. ಫೈಲಿಗೆ ಟೇಪ್ ನಂಬರ್ ಬಿಟ್ಟರೆ ಬೇರೆ ಹೆಸರಿಲ್ಲ. ಅದರಲ್ಲೂ ರಶಸ್‌ನಲ್ಲಿ, ಅಂದರೆ ಎಡಿಟ್ ಆಗದ ಫುಟೇಜ್‌ನಲ್ಲಿ, ಪರದೆ ಮೇಲೆ ಒಂದಕ್ಷರವೂ ಇರುವುದಿಲ್ಲ. ಪ್ರಸಾರವಾದ ಬುಲೆಟಿನ್‌ನಲ್ಲಿ ಮಾತ್ರ ಮಾತಾಡುವವರ ಕೆಳಗೆ ಹೆಸರು ಬರೆದ ಅಡ್ಡಪಟ್ಟಿ, ಅಂದರೆ ಆಸ್ಟನ್, ಬರುತ್ತದೆ. ಹಾಗಾಗಿ ಬುಲೆಟಿನ್‌ನಲ್ಲಿ ಹೆಸರು ಓದಿ ಮುಖಕ್ಕೆ ಅಂಟಿಸುವುದು, ಆ ಮುಖ ಹಿಡಿದು ರಶಸ್ ಹುಡುಕುವುದು ಅಂತ ತೀರ್ಮಾನಿಸಿದೆ.

ಅಕ್ಷರ ಓದಲು ಟೆಸರಾಕ್ಟ್ ಬಳಸಿದೆ. ಟೇಪಿನ ಚಿತ್ರ 720x576, ಅದೂ ಇಂಟರ್‌ಲೇಸ್ಡ್, ಅಂದರೆ ಸಾಲು ಬಿಟ್ಟು ಸಾಲು ಬೇರೆ ಕ್ಷಣದ್ದು. ಹಾಗೇ ಕೊಟ್ಟರೆ ಅಕ್ಷರದ ಅಂಚು ಬಾಚಣಿಗೆ ಹಲ್ಲಿನಂತೆ ಸೀಳಿರುತ್ತದೆ. ಅದನ್ನು ಸರಿಪಡಿಸಿ, ಸೆಕೆಂಡಿಗೊಂದು ಫ್ರೇಮ್ ತೆಗೆದು, ಆಸ್ಟನ್ ಇರುವ ಭಾಗವನ್ನಷ್ಟೇ ಕತ್ತರಿಸಿ ಮೂರು ಪಟ್ಟು ದೊಡ್ಡದು ಮಾಡಿದೆ:

```
mkdir -p ocr
ffmpeg -i tape.mp4 -vf "bwdif=mode=send_frame,fps=1,crop=iw:ih*0.16:0:ih*0.72,scale=iw*3:-1" ocr/%06d.png
tesseract ocr/000754.png stdout -l kan+eng --psm 6
```

ಆಸ್ಟನ್ ಕೆಳಗೆ ಓಡುವ ಸ್ಕ್ರೋಲ್ ಈ ಕತ್ತರಿಕೆಯೊಳಗೆ ಬರಬಾರದು. ಬಂದರೆ ಯಾರ್‍ಯಾರದೋ ಹೆಸರು ಸೇರಿಕೊಳ್ಳುತ್ತದೆ.

ಕನ್ನಡದಲ್ಲಿ ಮೊದಲು ಕಳೆದುಹೋಗುವುದು ಒತ್ತಕ್ಷರ. ‘ಬಸಪ್ಪ’ ಒಂದು ಫ್ರೇಮಿನಲ್ಲಿ ‘ಬಸಪ’, ಇನ್ನೊಂದರಲ್ಲಿ ‘ಬಸವು’ ಆಗಿ ಬರುತ್ತದೆ. ಆದರೆ ಆಸ್ಟನ್ ನಾಲ್ಕೈದು ಸೆಕೆಂಡ್ ನಿಲ್ಲುತ್ತದೆ ಅಲ್ವಾ? ಅಷ್ಟೂ ಫ್ರೇಮುಗಳ ಓದನ್ನು ಒಟ್ಟಿಗೆ ಇಟ್ಟು, ಆ ಕಾಲದ ಶಾಸಕರು, ಅಧಿಕಾರಿಗಳ ಹೆಸರಿನ ಪಟ್ಟಿಗೆ ಹೋಲಿಸಿದೆ. ಒಂದೆರಡು ಅಕ್ಷರ ಮಾತ್ರ ಬೇರೆ ಇದ್ದರೆ ಪಟ್ಟಿಯ ಹೆಸರನ್ನೇ ತೆಗೆದುಕೊಂಡೆ. ಪಟ್ಟಿಯಲ್ಲಿ ಇಲ್ಲದ್ದನ್ನು ಓದಿದ ಹಾಗೇ ಉಳಿಸಿದೆ.

ಮುಖಕ್ಕೆ ಇನ್‌ಸೈಟ್‌ಫೇಸ್. ಅದು ಪ್ರತಿ ಮುಖವನ್ನೂ 512 ಸಂಖ್ಯೆಗಳ ಸಾಲು ಮಾಡಿ ಕೊಡುತ್ತದೆ. ಎರಡು ಸಾಲು ಹತ್ತಿರ ಇದ್ದಷ್ಟೂ ಒಬ್ಬರೇ ಆಗಿರುವ ಸಾಧ್ಯತೆ ಜಾಸ್ತಿ. ಹೆಸರು ಅಂಟಿಸುವಾಗ ನಾನು ತುಂಬಾ ಬಿಗಿ. ಫ್ರೇಮಿನಲ್ಲಿ ಒಂದೇ ಮುಖ ಇರಬೇಕು, ಆಸ್ಟನ್ ಇದ್ದಷ್ಟು ಹೊತ್ತೂ ಶಾಟ್ ಬದಲಾಗಬಾರದು. ಯಾಕೆಂದರೆ ಸಚಿವರ ಹೆಸರು ಇನ್ನೂ ಪರದೆ ಮೇಲಿರುವಾಗಲೇ ಎಡಿಟರ್ ಸಭಿಕರ ಶಾಟ್‌ಗೆ ಕಟ್ ಮಾಡಿರುತ್ತಾರೆ. ಆಗ ಮುಂದಿನ ಸಾಲಿನಲ್ಲಿ ಕೂತವರು ಸಚಿವರಾಗಿಬಿಡುತ್ತಾರೆ! ಇದನ್ನು ಪತ್ತೆ ಮಾಡುವುದು ಸುಲಭ: ಒಂದೇ ಹೆಸರಿನ ಮುಖಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಬೇರೆಯವರು ಕಣ್ಣಿಗೆ ಬೀಳುತ್ತಾರೆ. ಒಂದೇ ಮುಖಕ್ಕೆ ಹತ್ತಾರು ಹೆಸರು ಅಂಟಿದ್ದರೆ ಅದು ನಿರೂಪಕರದ್ದು; ಅವರನ್ನು ಮೊದಲೇ ಪಕ್ಕಕ್ಕಿಟ್ಟೆ.

ಆಮೇಲೆ ರಶಸ್. ಎರಡು ಸಾಲು ಪೂರ್ತಿ ಒಂದೇ ಇದ್ದರೆ ಹೋಲಿಕೆ 1; ಅದು 0.5ಕ್ಕಿಂತ ಹೆಚ್ಚಿದ್ದರೆ ಟೈಮ್‌ಕೋಡ್ ಸಮೇತ ಟ್ಯಾಗ್ ಆಗುತ್ತದೆ. 0.35ರಿಂದ 0.5ರವರೆಗಿನದನ್ನು ಲೈಬ್ರರಿಯವರು ನೋಡಿ ಒಪ್ಪುತ್ತಾರೆ. ಈ ಗಡಿಗಳನ್ನು ನಮ್ಮ ಟೇಪುಗಳ ಮೇಲೇ ನೋಡಿ ಇಟ್ಟದ್ದು, ಬೇರೆ ಫುಟೇಜ್‌ಗೆ ಬದಲಾಗಬೇಕು. ಎತ್ತರ 40 ಪಿಕ್ಸೆಲ್‌ಗಿಂತ ಕಡಿಮೆ ಇರುವ ಮುಖವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ದೂರದ ವೇದಿಕೆಯ ಶಾಟ್‌ಗಳು ಇದರಲ್ಲಿ ಸಿಗುವುದಿಲ್ಲ. ವಯಸ್ಸಿನ ಸಮಸ್ಯೆಯೂ ಇದೆ. 2003ರ ಮುಖ ಹಿಡಿದು 2020ರ ಫುಟೇಜ್ ಹುಡುಕಿದರೆ ಹೋಲಿಕೆ ಇಳಿಯುತ್ತದೆ. ಅದಕ್ಕೇ ಒಬ್ಬೊಬ್ಬರಿಗೂ ಬೇರೆ ಬೇರೆ ವರ್ಷದ ಬುಲೆಟಿನ್‌ಗಳಿಂದ ಕೆಲವು ಮುಖಗಳನ್ನು ಮಾದರಿಯಾಗಿ ಇಟ್ಟಿದ್ದೇನೆ.