ಮುಟ್ಟಿನ ರಜೆ: ನಮ್ಮ ಹೊಲಿಗೆ ಘಟಕದಲ್ಲಿ ಅದು ನಡೆದದ್ದು ಹೀಗೆ

ಬೆಂಗಳೂರಿನ ಸಣ್ಣ ಗಾರ್ಮೆಂಟ್ಸ್ ಘಟಕವೊಂದರಲ್ಲಿ ಹಾಜರಿ, ಸಂಬಳ ನೋಡಿಕೊಳ್ಳುವವಳು ನಾನು. ಟೈಲರ್‌ಗಳು ಸುಮಾರು ಎಪ್ಪತ್ತು ಮಂದಿ, ಎಲ್ಲರೂ ಹೆಂಗಸರು. 2024ರಲ್ಲಿ ತಿಂಗಳಿಗೊಂದು ಸಂಬಳಸಹಿತ ಮುಟ್ಟಿನ ರಜೆ ಕೊಡೋಣ ಎಂದಾಗ ಮಾಲೀಕರು ಕೇಳಿದ್ದು ಒಂದೇ ಮಾತು: "ಯಾವ ಕಾನೂನಿನಲ್ಲಿದೆ ಮೇಡಂ?" ಇರಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಇರಲಿಲ್ಲ. ಬಿಹಾರ 1992ರಿಂದ ಕೊಡುತ್ತಿದ್ದದ್ದೂ ಸರ್ಕಾರಿ ನೌಕರರಿಗೆ. ಆ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದು ಸರ್ಕಾರಗಳು ನೀತಿ ರೂಪಿಸಬೇಕಾದ ವಿಷಯ ಎಂದಿತು. ಕಡ್ಡಾಯಗೊಳಿಸಿದರೆ ಹೆಂಗಸರಿಗೆ ಕೆಲಸವೇ ಸಿಗದಂತಾದೀತು ಎಂದೂ ಹೇಳಿತು. ಮಾಲೀಕರಿಗೆ ಹಿಡಿಸಿದ್ದು ಆ ಎರಡನೆಯ ಮಾತು.

ಅವರ ಲೆಕ್ಕ: ಎಪ್ಪತ್ತು ಜನ, ಹನ್ನೆರಡು ದಿನ, ದಿನಕ್ಕೆ ಐನೂರರಂತೆ ವರ್ಷಕ್ಕೆ ನಾಲ್ಕು ಲಕ್ಷ ಚಿಲ್ಲರೆ. ಮೂರು ತಿಂಗಳು ನೋಡೋಣ ಎಂದು ಒಪ್ಪಿಸಿದೆ.

ಮೊದಲ ತಿಂಗಳು ರಜೆ ಕೇಳಿದವರು ಇಬ್ಬರು. ವೈದ್ಯರ ಚೀಟಿ ಕೇಳಿದ್ದು ನನ್ನದೇ ದಡ್ಡತನ. ಐನೂರರ ರಜೆಗೆ ಮುನ್ನೂರು ಕೊಟ್ಟು ಚೀಟಿ ಯಾರು ತಂದಾರು? ಚೀಟಿ ತೆಗೆದುಹಾಕಿದೆ. ಆದರೂ ಏಳೆಂಟು ಜನಕ್ಕಿಂತ ಹೆಚ್ಚಲಿಲ್ಲ. "ನೋಡಿದಿರಾ, ಯಾರಿಗೂ ಬೇಡ" ಎಂದು ಸೂಪರ್‌ವೈಸರ್ ನಕ್ಕರು.

ಸಂಬಳದ ಹಾಳೆ ಮಾಡುವಾಗ ಕಾರಣ ಕಣ್ಣಿಗೆ ಬಿತ್ತು. ನಮ್ಮಲ್ಲಿ ಒಂದು ದಿನವೂ ತಪ್ಪದವರಿಗೆ ತಿಂಗಳಿಗೆ 750 ರೂಪಾಯಿ ಹಾಜರಾತಿ ಬೋನಸ್. ರಜೆ ಹಾಕಿದರೆ ಕೂಲಿ ಉಳಿಯುತ್ತಿತ್ತು, ಬೋನಸ್ ಹೋಗುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಮೆಷಿನ್ ಮುಂದೆ ಕೂರುವುದೇ ಲಾಭ! ಆ ದಿನವನ್ನು ಹಾಜರಿ ಎಂದೇ ಎಣಿಸುವಂತೆ ನಿಯಮ ಬದಲಿಸಿದೆ. ರಜೆಯನ್ನು ಸೂಪರ್‌ವೈಸರ್ ಬದಲು ನನ್ನ ಮೊಬೈಲ್‌ಗೆ ಸಂದೇಶ ಕಳಿಸಿ ತಿಳಿಸುವಂತೆ ಮಾಡಿದೆ. ಮುಂದಿನ ತಿಂಗಳೇ ಮೂವತ್ತರ ಹತ್ತಿರ ಬಂತು.

ನಡುವೆ ವಿಶ್ರಾಂತಿ ಕೋಣೆಯನ್ನೂ ಮಾಡಿ ನೋಡಿದೆ; ಮಂಚ, ಬಿಸಿನೀರಿನ ಚೀಲ, ಎಲ್ಲ ಸೇರಿ ಆರೇಳು ಸಾವಿರ. ಬಾಗಿಲು ಹೊಲಿಗೆ ಮೆಷಿನ್‌ಗಳ ಲೈನಿನ ಎದುರಿಗೇ ಇತ್ತು, ಯಾರೂ ಒಳಗೆ ಹೋಗಲಿಲ್ಲ. ಈಗ ಅಲ್ಲಿ ನೂಲಿನ ಪೆಟ್ಟಿಗೆಗಳಿವೆ.

ಕಾಲರ್ ಹೊಲಿಯುವವಳು ಬಾರದಿದ್ದರೆ ಲೈನ್ ಪೂರ್ತಿ ನಿಲ್ಲುತ್ತದೆ. ಅದಕ್ಕೆ ನಾಲ್ವರಿಗೆ ಕಾಲರ್, ಕಫ್, ತೋಳು ಮೂರನ್ನೂ ಕಲಿಸಿದೆ. ಒಂದು ವರ್ಷದಲ್ಲಿ ಖರ್ಚಾದದ್ದು ಮುನ್ನೂರು ಚಿಲ್ಲರೆ ದಿನ, ಅಂದರೆ ಒಂದೂವರೆ ಲಕ್ಷ ಚಿಲ್ಲರೆ. ಹೇಳದೆ ಕೇಳದೆ ಗೈರಾಗುವುದು ಅರ್ಧದಷ್ಟು ತಗ್ಗಿತು. ಸೋಮವಾರ ರಜೆ ತುಸು ಹೆಚ್ಚು, ಸುಳ್ಳು ಹೇಳುವುದಿಲ್ಲ.

2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರದ ಆದೇಶ ಬಂತು: 18ರಿಂದ 52 ವರ್ಷದವರಿಗೆ ತಿಂಗಳಿಗೊಂದು ಸಂಬಳಸಹಿತ ರಜೆ, ವೈದ್ಯರ ಚೀಟಿ ಬೇಡ. ಕಾರ್ಖಾನೆಗಳ ಜೊತೆಗೆ ಅಂಗಡಿ, ತೋಟ, ಬೀಡಿ ಉದ್ಯಮಗಳಿಗೂ ಅನ್ವಯ. ಅದು ಆದೇಶವೇ ಹೊರತು ಶಾಸನಸಭೆ ಮಾಡಿದ ಕಾಯ್ದೆಯಲ್ಲ. ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಹೋಟೆಲ್ ಮಾಲೀಕರು ಹಿಡಿದ ಎಳೆಯೂ ಅದೇ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಸಿಕ್ಕ ತಡೆಯಾಜ್ಞೆ ಅದೇ ದಿನ ಹಿಂದಕ್ಕೆ ಹೋಯಿತು. "ತಡೆ ಬಂತಂತೆ, ನಿಲ್ಲಿಸೋಣವೇ?" ಎಂದು ಫೋನ್ ಮಾಡಿದ ನಮ್ಮ ಮಾಲೀಕರು ಸಂಜೆ ಸುಮ್ಮನಾದರು.

ನಾವು ಬದಲಿಸಬೇಕಾದದ್ದು ಒಂದೇ. ಆದೇಶ ಗುತ್ತಿಗೆಯವರನ್ನೂ ಒಳಗೊಂಡಿತ್ತು. ಪ್ಯಾಕಿಂಗ್‌ನ ಒಂಬತ್ತು ಜನರನ್ನು ನಾನು ಹೊರಗಿಟ್ಟಿದ್ದೆ. ಈಗ ಅವರ ಕೂಲಿ ಯಾರು ಕೊಡಬೇಕೆಂದು ಗುತ್ತಿಗೆದಾರನೊಂದಿಗೆ ಪ್ರತಿ ತಿಂಗಳೂ ಜಗಳವಾಡುತ್ತಿದ್ದೇನೆ.